ನಿರ್ದೇಶಕರ ಫೋಟೋ ಹಿಂದೆ ರೋಲ್ ನಂಬರ್ ಒಂದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಎಂದು ಹೇಳುವಾಗಲೂ ದನಿ ಏರಿರುತ್ತದೆ ಅನ್ನುವುದು ಬೇರೆ ಮಾತು. ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮೇಲೂ ರೇಗುವಂತಿಲ್ಲ. ಯಾರಾದರೂ ಫೋನ್ ಮಾಡಿ, ‘ನೀವು ಮಾಡಿದ ಪುಟದಲ್ಲಿ ಅದು ಕಾಣ್ತಾ ಇಲ್ಲ’ ಅಂದರೆ ಸಾಕು, ಬಾಯಿ ಮುಚ್ಚಿಕೊಂಡು ಎದ್ದು ಹೋಗಿ ಬೀರುವಿನಿಂದ ಒಂದು ಪುಟಾಣಿ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಆ ಲ್ಯಾಪ್‌ಟಾಪ್ ನನ್ನ ಕೈಗೆ ಬಂದ ಕಥೆ ಇದು. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಚಿತ್ರದುರ್ಗದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದೆ. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು, ಗಿರಾಕಿಗಳು ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ, ತಪ್ಪಿ ನನ್ನ ಕೋಣೆಗೆ ಬರುತ್ತಿದ್ದರು. ಹಾಗೆ ತಪ್ಪಿ ಬರದೆ, ಬೇಕೆಂದೇ ಬಂದ ಮೊದಲ ದೊಡ್ಡ ಗಿರಾಕಿ ಎಂದರೆ ಹಿರಿಯೂರಿನ ಒಂದು ವಿದ್ಯಾಸಂಸ್ಥೆಯ ಅಧ್ಯಕ್ಷರು. ಅವರದು ಕಡಲೆಕಾಯಿ ಎಣ್ಣೆ ಮಿಲ್ಲು, ಜೊತೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಒಂದೊಂದು ಕಾಲೇಜು. ಮೂರೂ ಕಾಲೇಜಿನ ಅಧ್ಯಾಪಕರು ಇಂಟರ್ನಲ್ ಪರೀಕ್ಷೆಯ ಅಂಕಗಳನ್ನು ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ತುಂಬಬೇಕು, ಹಿರಿಯೂರಿನ ಕಚೇರಿಗೆ ಬಂದು ಬೀಳಬೇಕು, ಅಂಥದ್ದೊಂದು ಪುಟ ಬೇಕಿತ್ತು ಅವರಿಗೆ.

ಮಾಡಿಕೊಟ್ಟೆ. ಮೇಲೆ ಸಂಸ್ಥೆಯ ಹೆಸರು, ಪಕ್ಕದಲ್ಲಿ ಅಧ್ಯಕ್ಷರ ಫೋಟೋ, ಕೆಳಗೆ ವಿದ್ಯಾರ್ಥಿಗಳ ಪಟ್ಟಿ. ಅಧ್ಯಕ್ಷರು ನನ್ನ ದೊಡ್ಡ ಪರದೆಯ ಮುಂದೆ ಕುಳಿತು ಮೌಸಿನ ಗಾಲಿ ತಿರುಗಿಸಿದರು. ಫೋಟೋ ಮೇಲಕ್ಕೆ ಸರಿದು ಮಾಯವಾಯಿತು. ಅವರ ಮುಖ ಸಪ್ಪಗಾಯಿತು.

“ನಾನು ಎಲ್ಲಿಗೆ ಹೋದೆ?” ಅಂದರು.

“ಪುಟ ಸರಿಸಿದ್ರೆ ಹಂಗೇ ಸಾರ್, ಎಲ್ಲಾ ಮೇಲಕ್ಕೆ ಹೋಗ್ತೈತೆ.”

“ಹಂಗಾದ್ರೆ ಹೆಂಗೆ? ಫ್ಲೆಕ್ಸ್ ಹಾಕ್ಸಿದ್ರೆ ತಿಂಗಳಾನುಗಟ್ಲೆ ಸರ್ಕಲ್ಲಾಗೆ ನಿಂತಿರ್ತೈತೆ. ಇದು ಅರ್ಧ ಗಳಿಗೆ ನಿಲ್ಲಲ್ಲ ಅಂದ್ರೆ? ಅಲ್ಲಾಡದಂಗೆ ಮಾಡ್ರಿ.”

ಮಾಡಬಹುದು. ಪುಟದ ಒಂದು ಭಾಗವನ್ನು ಪರದೆಗೇ ಮೊಳೆ ಹೊಡೆದು ನಿಲ್ಲಿಸುವ ಒಂದು ಆಜ್ಞೆ ಇದೆ. ಅದನ್ನು ಹಾಕಿದರೆ ಉಳಿದದ್ದೆಲ್ಲ ಅದರ ಅಡಿಯಿಂದ ಸರಿದು ಹೋಗುತ್ತದೆ, ಅದು ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹಾಕಿದೆ. ಅಧ್ಯಕ್ಷರು ಗಾಲಿ ತಿರುಗಿಸಿದರು, ತಾವು ಅಲ್ಲೇ ಇರುವುದನ್ನು ಕಂಡು ಸಮಾಧಾನವಾಗಿ ಒಂದು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ತರಿಸಿದರು.

ನಮ್ಮ ಕಡೆ ಫ್ಲೆಕ್ಸಿನ ಮೇಲೆ ಒಬ್ಬರ ಮುಖ ಬಂದರೆ ಉಳಿದವರ ಮುಖವೂ ಬರಲೇಬೇಕು. ಬಿಟ್ಟು ಹೋದವರು ಮದುವೆಮನೆಯಲ್ಲಿ ಸಿಕ್ಕಾಗಲೂ ಮಾತಾಡಿಸುವುದಿಲ್ಲ. ಹದಿನೈದು ದಿನದಲ್ಲಿ ಸಂಸ್ಥೆಯ ಹನ್ನೊಂದು ನಿರ್ದೇಶಕರ ಫೋಟೋಗಳೂ ಬಂದವು, ಹಿರಿತನದ ಪ್ರಕಾರ ಜೋಡಿಸಬೇಕೆಂಬ ಚೀಟಿಯ ಸಮೇತ. ಒಬ್ಬರದು ಕುದುರೆ ಮೇಲೆ ಕುಳಿತ ಫೋಟೋ. ಎಲ್ಲರನ್ನೂ ಕತ್ತರಿಸಿ, ತಿದ್ದಿ, ಅಧ್ಯಕ್ಷರ ಬಲಕ್ಕೆ ಒಂದೇ ಸಾಲಿನಲ್ಲಿ ಕೂರಿಸಿದೆ. ನನ್ನ ಹತ್ತೊಂಬತ್ತು ಇಂಚಿನ ಪರದೆಯಲ್ಲಿ ಅಳತೆ ಮಾಡಿದಂತೆ ಕೂತರು.

ಆಮೇಲೆ ಎಡಗಡೆಯ ಪಟ್ಟಿ. “ಈ ಕಡೆ ಗೋಡೆ ಖಾಲಿ ಐತಲ್ಲ” ಅಂದರು ಅಧ್ಯಕ್ಷರು. ಅಲ್ಲಿ ಸಂಸ್ಥೆಯ ಲಾಂಛನ, ಅದರಡಿ ಧ್ಯೇಯವಾಕ್ಯ, ಅದರಡಿ ‘ಅಧ್ಯಕ್ಷರ ನುಡಿ’ ಎಂಬ ಉದ್ದನೆಯ ಭಾಷಣ ಬಂದವು. ಅದನ್ನೂ ಮೊಳೆ ಹೊಡೆದು ನಿಲ್ಲಿಸಿದೆ. ಅಲ್ಲಿಯವರೆಗೆ ತಪ್ಪು ಅರ್ಧ ಅವರದು, ಅರ್ಧ ನನ್ನದು. ಇನ್ನು ಮುಂದಿನದು ಪೂರ್ತಿ ನನ್ನ ಬುದ್ಧಿವಂತಿಕೆ. ಎಪ್ಪತ್ತೆರಡು ಹುಡುಗರ ಪಟ್ಟಿಯ ಕೊನೆಯಲ್ಲಿ ಸೇವ್ ಬಟನ್ ಇಟ್ಟರೆ ಮೇಷ್ಟ್ರುಗಳು ಅಷ್ಟು ದೂರ ಹೋಗಬೇಕು ಪಾಪ, ಯಾವಾಗಲೂ ಕಣ್ಣೆದುರೇ ಇರಲಿ ಎಂದು, ಅದನ್ನು ತಂದು ಅಧ್ಯಕ್ಷರ ನುಡಿಯ ಕೆಳಗೆ, ಅಲ್ಲಾಡದ ಆ ಎಡಪಟ್ಟಿಯ ಕಟ್ಟಕಡೆಗೆ ಇಟ್ಟೆ. ಹಸಿರು ಬಣ್ಣ ಬಳಿದೆ. ನನ್ನ ಪರದೆಯಲ್ಲಿ ಅದು ನೋಡಲು ಎಷ್ಟು ಚಂದವಿತ್ತೆಂದರೆ ಬೇಕರಿಯವನನ್ನೂ ಮೇಲಕ್ಕೆ ಕರೆದು ತೋರಿಸಿದ್ದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹೊಸದುರ್ಗದಿಂದ ಫೋನ್ ಬಂತು. ದನಿ ಕೇಳಿದ ಕೂಡಲೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನನಗೆ ಡಿಗ್ರಿಯಲ್ಲಿ ಇತಿಹಾಸ ಕಲಿಸಿದ ಮೇಷ್ಟ್ರು.

ಈ ಮೇಷ್ಟ್ರ ಬಗ್ಗೆ ಎರಡು ಮಾತು ಹೇಳಬೇಕು. ಮೊದಲನೆಯದು, ಅವರು ಬೋರ್ಡಿನ ಮೇಲೆ ಬರೆದ ಮೇಲೆ ಸೀದಾ ನಡೆದು ಹೋಗಿ ಕೊನೆಯ ಬೆಂಚಿನಲ್ಲಿ ನಮ್ಮನ್ನು ಸರಿಸಿ ಕುಳಿತುಬಿಡುತ್ತಿದ್ದರು. ಅಲ್ಲಿಂದ ಓದಲಿಕ್ಕೆ ಆಗದಿದ್ದರೆ ಎದ್ದು ಹೋಗಿ ಅಳಿಸಿ, ದಪ್ಪಗೆ ಬರೆಯುತ್ತಿದ್ದರು. ಚಂದ್ರವಳ್ಳಿಗೆ ಕರೆದುಕೊಂಡು ಹೋದಾಗಲೂ ಅಷ್ಟೇ, ಗವಿಯೊಳಗೆ ಬ್ಯಾಟರಿ ಬಿಟ್ಟು ಏನನ್ನಾದರೂ ತೋರಿಸುವ ಮೊದಲು, “ಹಿಂದಿರೋರಿಗೆ ಕಾಣ್ತೈತೇನ್ರೋ?” ಎಂದು ಕೂಗುತ್ತಿದ್ದರು. ನಾನು ಆಗ ಗಿಡ್ಡ. ಹಿಂದಿರೋರು ಅಂದರೆ ನಾನೇ.

ಎರಡನೆಯದು, ಪರೀಕ್ಷೆಯಲ್ಲಿ ಕಾಪಿ ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರು ಜಿಲ್ಲೆಯಲ್ಲೇ ಇರಲಿಲ್ಲ. ಬೇರೆ ಮೇಷ್ಟ್ರುಗಳು ಹುಡುಗರ ಮುಖ ನೋಡುತ್ತಿದ್ದರು. ಇವರು ಮುಖ ನೋಡುತ್ತಲೇ ಇರಲಿಲ್ಲ, ಕೈಬೆರಳು ನೋಡುತ್ತಿದ್ದರು.

“ಏನಪ್ಪ, ಚೆನ್ನಾಗಿದೀಯಾ? ನಿನ್ನ ಪುಟದಾಗೆ ಸೇವ್ ಮಾಡೋದು ಎಲ್ಲೈತೆ?” ಅಂದರು ಫೋನಿನಲ್ಲಿ.

“ಎಡಗಡೆ ಸಾರ್. ಅಧ್ಯಕ್ಷರ ನುಡಿ ಕೆಳಗೆ ಹಸಿರು ಬಟನ್ ಐತೆ.”

“ಅಧ್ಯಕ್ಷರ ನುಡಿ ಅರ್ಧಕ್ಕೇ ನಿಂತೈತೆ. ಕೆಳಗೆ ಏನೂ ಇಲ್ಲ.”

“ಕೆಳಕ್ಕೆ ಸರಿಸ್ರಿ ಸಾರ್, ಸ್ಕ್ರೋಲ್ ಮಾಡ್ರಿ.”

“ಮಾಡಿದೆ. ಹುಡುಗ್ರೆಲ್ಲಾ ಮೇಲಕ್ಕೆ ಹೋದ್ರು. ಅಧ್ಯಕ್ಷರು ಅಲ್ಲಾಡ್ತಾನೇ ಇಲ್ಲ. ಇನ್ನೊಂದು ವಿಷಯ. ಪಟ್ಟಿ ರೋಲ್ ನಂಬರ್ ಎರಡರಿಂದ ಶುರುವಾಗೈತೆ. ಒಂದು ಎಲ್ಲಿ?”

ನಾನು ನನ್ನ ಪರದೆ ನೋಡಿದೆ. ರೋಲ್ ನಂಬರ್ ಒಂದು ಇದ್ದ. ಹಸಿರು ಬಟನ್ ಇತ್ತು. ಹನ್ನೊಂದು ನಿರ್ದೇಶಕರೂ ಒಂದೇ ಸಾಲಿನಲ್ಲಿದ್ದರು.

“ಇಲ್ಲೈತಲ್ಲ ಸಾರ್! ನನ್ನ ಕಣ್ಣೆದುರಿಗೇ ಐತೆ. ಸರಿಯಾಗಿ ನೋಡ್ರಿ.”

ಹಾಗೆ ನಾಲ್ಕು ಸಲ ಫೋನ್ ಬಂತು. ನಾಲ್ಕನೇ ಸಲ ನಾನು, “ನಾನೇನು ಸುಳ್ಳು ಹೇಳ್ತೀನಾ ಸಾರ್? ಉಳಿದೋರೆಲ್ಲ ಮಾಡ್ಯಾರೆ, ನಿಮಗೊಬ್ಬರಿಗೇ ಯಾಕೆ ಕಾಣಲ್ಲ?” ಎಂದು ರೇಗಿಬಿಟ್ಟೆ. ಮೇಷ್ಟ್ರು “ಆಯ್ತಪ್ಪ” ಎಂದು ಫೋನ್ ಇಟ್ಟರು. ಆಮೇಲೆ ನನಗೆ ಗೊತ್ತಾಯಿತು, ಎಪ್ಪತ್ತೆರಡು ಜನರ ಅಂಕಗಳನ್ನು ಅವರು ಮೂರು ಸಲ ಪೂರ್ತಿ ತುಂಬಿದ್ದರು, ಸೇವ್ ಆಗದೆ ಮೂರು ಸಲವೂ ಹೋಗಿತ್ತು. ಕೊನೆಗೆ ಹಾಳೆಯಲ್ಲಿ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಿರಿಯೂರಿಗೆ ಕಳಿಸಿದ್ದರು. ಕಚೇರಿಯ ಸೂಪರಿಂಟೆಂಡೆಂಟರು ಕಾಗದದ ಮೇಲಿನ ಅಂಕ ತಗೊಳ್ಳುವುದಿಲ್ಲ ಎಂದು ವಾಪಸ್ ಕಳಿಸಿದ್ದರು.

ಅದೇ ಸೂಪರಿಂಟೆಂಡೆಂಟರು ಒಂದು ದಿನ ನನಗೆ ಫೋನ್ ಮಾಡಿದರು. “ಹೊಸದುರ್ಗದ ಇತಿಹಾಸದೋರು ಅಂಕ ಹಾಕಿಲ್ಲ. ಬಟನ್ನೇ ಇಲ್ಲ ಅಂತ ನೆಪ ಹೇಳ್ತಾರೆ. ಬಟನ್ ಐತೋ ಇಲ್ಲೋ?”

“ಐತೆ. ನೂರಕ್ಕೆ ನೂರು ಐತೆ” ಅಂದೆ.

“ಅಷ್ಟು ಸಾಕು. ಮೆಮೋ ರೆಡಿ ಮಾಡಿಸ್ತೀನಿ. ಬುಧವಾರ ಅಧ್ಯಕ್ಷರ ಮುಂದೆ ನೀವೂ ಬಂದು ಹೇಳ್ರಿ.”

ಮೆಮೋ ಅಂದರೆ ಸರ್ವಿಸ್ ರಿಜಿಸ್ಟರಿಗೆ ಏರುವ ಕಾಗದ. ಮೇಷ್ಟ್ರಿಗೆ ನಿವೃತ್ತಿಗೆ ಮೂರೇ ತಿಂಗಳಿತ್ತು. ಮೂವತ್ತು ವರ್ಷದ ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ ಎಂಬುದು ಅವರಿಗಿದ್ದ ಒಂದೇ ಒಂದು ಜಂಬ. ತರಗತಿಯಲ್ಲಿ ನಮಗೂ ಹೇಳುತ್ತಿದ್ದರು. ಈಗ ಅಲ್ಲಿ ‘ಕರ್ತವ್ಯಲೋಪ’ ಎಂದು ಬರೆಯುತ್ತಾರೆ, ಅದಕ್ಕೆ ಸಾಕ್ಷಿ ನಾನು. ಬಟನ್ ಇರುವುದಂತೂ ನಿಜವಲ್ಲವೇ? ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡು ಬುಧವಾರ ಹಿರಿಯೂರಿನ ಬಸ್ಸು ಹತ್ತಿದೆ.

ಅಧ್ಯಕ್ಷರ ಕೋಣೆಯಲ್ಲಿ ನಾಲ್ಕು ಜನ. ಮೇಜಿನ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ನಿಂತ ಸೂಪರಿಂಟೆಂಡೆಂಟರು, ಈ ಕಡೆ ನಾನು ಮತ್ತು ಮೇಷ್ಟ್ರು. ಮೇಜಿನ ಮೇಲೆ ಟೈಪಾದ ಮೆಮೋ, ಅದರ ಮೇಲೆ ಪೇಪರ್‌ವೇಟು. ಮೇಷ್ಟ್ರು ತೊಡೆಯ ಮೇಲೆ ಒಂದು ಬಟ್ಟೆ ಚೀಲ ಇಟ್ಟುಕೊಂಡಿದ್ದರು. ನನ್ನನ್ನು ನೋಡಿ, “ಕುಂತ್ಕಳಪ್ಪ, ಊಟ ಆಯ್ತಾ?” ಎಂದು ಕೇಳಿದರು. ನಾನು ನಾಲ್ಕನೇ ಸಲ ರೇಗಿದ್ದು ಅವರಿಗೆ ಮರೆತೇ ಹೋದ ಹಾಗಿತ್ತು. ಅದು ನನಗೆ ಇನ್ನೂ ಕಷ್ಟವಾಯಿತು.

“ಮೇಷ್ಟ್ರೇ, ಎಲ್ಲಾರೂ ಮಾಡ್ಯಾರೆ. ನಿಮ್ಮದೊಂದೇ ಬಾಕಿ. ಏನು ಸಮಾಚಾರ?” ಅಂದರು ಅಧ್ಯಕ್ಷರು.

ಮೇಷ್ಟ್ರು ಚೀಲದಿಂದ ಲ್ಯಾಪ್‌ಟಾಪ್ ತೆಗೆದರು. ಅದನ್ನು ನೋಡಿ ನಾನು ಮೊದಲು ಮಕ್ಕಳ ಸ್ಲೇಟು ಅಂದುಕೊಂಡೆ. ಅಷ್ಟು ಚಿಕ್ಕದು. ಪರದೆ ಹತ್ತು ಇಂಚು, ಅಗಲಕ್ಕೆ ಹೇಗೋ ಇದೆ, ಎತ್ತರವಂತೂ ಇಲ್ಲವೇ ಇಲ್ಲ.

“ನೀವೇ ಕೊಟ್ಟಿದ್ದು ಸಾರ್, ವಾರ್ಷಿಕೋತ್ಸವದಾಗೆ” ಅಂದರು ಮೇಷ್ಟ್ರು.

ಹೌದು, ಅಧ್ಯಕ್ಷರು ಹಾರ ಹಾಕಿ, ಫೋಟೋ ತೆಗೆಸಿಕೊಂಡು, ವಿಭಾಗದ ಮುಖ್ಯಸ್ಥರಿಗೆಲ್ಲ ಒಂದೊಂದು ಕೊಟ್ಟಿದ್ದರು. ಉಳಿದವರು ಅದನ್ನು ಮನೆಗೆ ಒಯ್ದು ಮಕ್ಕಳ ಕೈಗೆ ಕೊಟ್ಟು, ಅಂಕ ತುಂಬಲು ಕಾಲೇಜಿನ ಲ್ಯಾಬಿನ ಹಳೆಯ ಕಂಪ್ಯೂಟರಿಗೇ ಹೋಗುತ್ತಿದ್ದರು. ಕೊಟ್ಟದ್ದನ್ನು ಕೊಟ್ಟ ಕೆಲಸಕ್ಕೆ ಉಪಯೋಗಿಸಿದವರು ಜಿಲ್ಲೆಯಲ್ಲಿ ಇವರೊಬ್ಬರೇ.

ಸೂಪರಿಂಟೆಂಡೆಂಟರು ವೈರು ಚುಚ್ಚಿದರು. ಪುಟ ತೆರೆಯಿತು. ನಾನು ಬಗ್ಗಿ ನೋಡಿದೆ.

ಎಲ್ಲವೂ ಅವರು ಫೋನಿನಲ್ಲಿ ಹೇಳಿದ ಹಾಗೇ ಇತ್ತು. ನನ್ನ ಪರದೆಯಷ್ಟು ಅಗಲವಿಲ್ಲದ್ದರಿಂದ ನಿರ್ದೇಶಕರು ಒಂದೇ ಸಾಲಿನಲ್ಲಿ ಹಿಡಿಸದೆ, ಕೊನೆಯ ನಾಲ್ವರು ಮುರಿದು ಎರಡನೇ ಸಾಲಿಗೆ ಬಿದ್ದಿದ್ದರು. ಅವರಿಂದ ತಲೆಪಟ್ಟಿ ದಪ್ಪಗಾಗಿತ್ತು. ಹುಡುಗರ ಪಟ್ಟಿಗೆ ನಾನು ಮೇಲಿನಿಂದ ಬಿಟ್ಟಿದ್ದ ಜಾಗ ಮಾತ್ರ ಒಂದೇ ಸಾಲಿನ ಲೆಕ್ಕದ್ದು. ಹಾಗಾಗಿ ರೋಲ್ ನಂಬರ್ ಒಂದು ಕುದುರೆ ಸವಾರರ ಫೋಟೋ ಹಿಂದೆ ಸಿಕ್ಕಿಕೊಂಡಿದ್ದ. ಪುಟವನ್ನು ಅದಕ್ಕಿಂತ ಕೆಳಕ್ಕೆ ಎಳೆಯಲು ಬರುವುದಿಲ್ಲ, ಆದ್ದರಿಂದ ಅವನು ಯಾವ ಕಾಲಕ್ಕೂ ಹೊರಗೆ ಬರುವಂತಿರಲಿಲ್ಲ. ಎಡಗಡೆ ಅಧ್ಯಕ್ಷರ ನುಡಿ ‘ಶಿಕ್ಷಣವೆಂದರೆ ಎಲ್ಲರಿಗೂ’ ಎಂಬಲ್ಲಿಗೆ ಪರದೆ ಮುಗಿದಿತ್ತು. ಬಟನ್ ಅದಕ್ಕೂ ಒಂದು ಗೇಣು ಕೆಳಗೆ, ಮೇಜಿನ ಮೇಲೆಲ್ಲೋ ಇರಬೇಕಾಗಿತ್ತು. ಸರಿಸಿದರೆ ಬರುವುದಿಲ್ಲ, ಏಕೆಂದರೆ ನಾನು ಅದಕ್ಕೆ ಮೊಳೆ ಹೊಡೆದಿದ್ದೆ. ಮೊಳೆ ಹೊಡೆದದ್ದು ಪುಟದ ಜೊತೆ ಸರಿಯುವುದಿಲ್ಲ. ಎಷ್ಟು ತಿರುಗಿಸಿದರೂ ಹುಡುಗರು ಮಾತ್ರ ಹೋಗುತ್ತಾರೆ.

ತಪ್ಪು ಪೂರ್ತಿ ನನ್ನದೇ ಎಂದು ಗೊತ್ತಾಗಲು ನನಗೆ ಅರ್ಧ ನಿಮಿಷ ಹಿಡಿಯಿತು. ಅದನ್ನು ಮುಚ್ಚಿಹಾಕಲು ಹೊರಟದ್ದು ಅದಕ್ಕಿಂತ ಬೇಗ.

“ಕೊಡ್ರಿ ಸಾರ್, ನೋಡ್ತೀನಿ” ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ. ಎಡಗೈಯಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದು, ಬಲಗೈಯ ಒಂದು ಬೆರಳಿನಲ್ಲಿ ಮೈನಸ್ ಕೀ ಮೂರು ಸಲ ಮುಟ್ಟಿದೆ. ಟಕ್, ಟಕ್, ಟಕ್. ಪುಟ ಮೂರು ಹೆಜ್ಜೆ ಕುಗ್ಗಿತು. ನಿರ್ದೇಶಕರು ಚಿಕ್ಕವರಾಗಿ ಮತ್ತೆ ಒಂದೇ ಸಾಲಿಗೆ ಬಂದರು. ರೋಲ್ ನಂಬರ್ ಒಂದು ಹೊರಬಂದ. ಪರದೆಯ ಬುಡದಲ್ಲಿ ಹಸಿರು ಬಟನ್ ಸಾಸಿವೆಯಷ್ಟು ಕಂಡಿತು.

“ಐತಲ್ಲ!” ಅಂದರು ಅಧ್ಯಕ್ಷರು.

“ಐತಲ್ಲ ಸಾರ್! ನಾನ್ ಹೇಳ್ಲಿಲ್ವಾ?” ಅಂದರು ಸೂಪರಿಂಟೆಂಡೆಂಟರು.

ಮೇಷ್ಟ್ರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

“ಹೌದು, ಐತೆ. ನನಗೇ ಕಂಡಿಲ್ಲ ಅನ್ಸುತ್ತೆ. ವಯಸ್ಸಾಯ್ತಲ್ಲ” ಎಂದು ಜೇಬಿನಿಂದ ಪೆನ್ನು ತೆಗೆದರು. “ಎಲ್ಲಿ ಸಹಿ ಹಾಕ್ಬೇಕು?”

ಸೂಪರಿಂಟೆಂಡೆಂಟರು ಪೇಪರ್‌ವೇಟು ಎತ್ತಿದರು. ನನಗೆ ಮೆಮೋ ಕಾಣಲಿಲ್ಲ, ಕೊನೆಯ ಬೆಂಚು ಕಂಡಿತು. ತಾನು ಬರೆದದ್ದು ಹಿಂದಿನವನಿಗೆ ಕಾಣುತ್ತದೋ ಇಲ್ಲವೋ ಎಂದು ಎದ್ದು ಹೋಗಿ ಕೂತು ನೋಡುತ್ತಿದ್ದ ಮನುಷ್ಯನ ಬಾಯಲ್ಲೇ ನಾನು ‘ನನಗೇ ಕಂಡಿಲ್ಲ’ ಎಂದು ಹೇಳಿಸಿಬಿಟ್ಟಿದ್ದೆ. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಕೈ ತಾನಾಗಿ ಹೋಗಿ ಕಂಟ್ರೋಲ್ ಜೊತೆ ಸೊನ್ನೆ ಒತ್ತಿತು. ಪುಟ ಮೊದಲಿನಂತೆ ಉಬ್ಬಿತು, ನಾಲ್ವರು ನಿರ್ದೇಶಕರು ಕೆಳಗೆ ಬಿದ್ದರು, ಬಟನ್ ಹೋಯಿತು.

“ಸಹಿ ಹಾಕ್ಬೇಡ್ರಿ ಸಾರ್. ಬಟನ್ ಇಲ್ಲ. ತಪ್ಪು ಇವರದಲ್ಲ, ನಂದು” ಅಂದೆ.

“ಈಗ ಇತ್ತಲ್ಲಪ್ಪ?” ಅಂದರು ಅಧ್ಯಕ್ಷರು, ಕಣ್ಣು ಕಣ್ಣು ಬಿಡುತ್ತಾ.

ಇಲ್ಲಿ ನಾನು ಮೂರು ಸಲ ಮೈನಸ್ ಒತ್ತಿದ್ದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿಗೆ ಬಂದದ್ದು ಇಷ್ಟು: “ಅದು… ಒಂದೊಂದ್ಸಲ ಹಂಗೆ ಆಗ್ತೈತೆ ಸಾರ್. ಕಂಪ್ಯೂಟರ್ ಅಲ್ವಾ.”

ಎಲ್ಲರೂ ತಲೆಯಾಡಿಸಿದರು. ಆಗಿನ ಕಾಲದಲ್ಲಿ ಆ ಮಾತಿಗೆ ಎದುರು ಮಾತೇ ಇರಲಿಲ್ಲ. ಮೇಷ್ಟ್ರು ಮಾತ್ರ ಪೆನ್ನಿಗೆ ಕ್ಯಾಪ್ ಹಾಕುತ್ತಾ ನನ್ನ ಕಡೆ ನೋಡದೆ ಕುಳಿತಿದ್ದರು.

“ಮತ್ತೆ ಉಳಿದೋರಿಗೆ ಹೆಂಗೆ ಬಂತು?” ಸೂಪರಿಂಟೆಂಡೆಂಟರು ಬಿಡಲಿಲ್ಲ.

ಅದು ಇನ್ನೂ ನಾಚಿಕೆಗೇಡು. ಲ್ಯಾಬಿನಲ್ಲಿದ್ದದ್ದು ಹಳೇ ಬ್ರೌಸರ್. ನನ್ನ ಮೊಳೆ ಹೊಡೆಯುವ ಆಜ್ಞೆ ಅದಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಹಾಗಾಗಿ ಅದು ಆಜ್ಞೆಯನ್ನು ಕಡೆಗಣಿಸಿ, ಅಧ್ಯಕ್ಷರು, ನಿರ್ದೇಶಕರು, ಬಟನ್ ಎಲ್ಲವನ್ನೂ ಪುಟದ ಜೊತೆಗೇ ಸರಿಸುತ್ತಿತ್ತು. ಹಳೇ ಡಬ್ಬದಲ್ಲಿ ಕೆಲಸ ಸಲೀಸಾಗಿತ್ತು, ಹೊಸ ಲ್ಯಾಪ್‌ಟಾಪಿನಲ್ಲಿ ಕೆಟ್ಟಿತ್ತು. ಇದನ್ನು ಆದಷ್ಟು ಮೆತ್ತಗೆ ವಿವರಿಸಿದೆ. ಅಧ್ಯಕ್ಷರ ಹುಬ್ಬು ಗಂಟಾಯಿತು.

“ಅಂದ್ರೆ ಲ್ಯಾಬಿನಾಗೆ ನಾನು ಮೇಲಕ್ಕೆ ಹೋಗ್ತಾ ಇದ್ನಾ?”

“ಹೌದು ಸಾರ್.”

“ಇಷ್ಟು ದಿನಾನೂ?”

“ಹೌದು ಸಾರ್.”

“ಇದ್ರಾಗೆ ಅಲ್ಲೇ ನಿಂತಿದೀನಿ, ಅದಕ್ಕೇ ತೊಂದ್ರೆ ಆಗೈತೆ ಅಂತೀಯಾ?”

ನಾನು ಬಾಯಿ ತೆರೆದರೆ ಕೆಲಸ ಕೆಡುತ್ತದೆ ಎಂದು ನನಗೇ ಗೊತ್ತಿತ್ತು. ಆಗ ಮೇಷ್ಟ್ರು ಮಾತಾಡಿದರು. ಕಾಲೇಜಿನ ನಾಟಕದ ದಿನ ನೆನಪಿದೆಯಾ ಎಂದು ಕೇಳಿದರು. ಅಧ್ಯಕ್ಷರಿಗೆ ನೆನಪಿತ್ತು, ಅವರೇ ಉದ್ಘಾಟಿಸಿದ್ದರು.

“ಮೊದ್ಲು ನಿಮ್ಮನ್ನ ಸ್ಟೇಜ್ ಮೇಲೆ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿದ್ವಿ. ಆಮೇಲೆ ಏನ್ ಮಾಡಿದ್ವಿ ಸಾರ್? ಕೆಳಗಿಳಿಸಿ ಮುಂದಿನ ಸಾಲಿನಾಗೆ ಕೂರಿಸಿದ್ವಿ. ಹನ್ನೆರಡು ಜನಾನೂ ಸ್ಟೇಜ್ ಮೇಲೇ ಕುಂತಿದ್ರೆ ಹುಡುಗ್ರು ಎಲ್ಲಿ ಕುಣೀಬೇಕಿತ್ತು? ಇದೂ ಹಂಗೇ. ಪುಟ ತೆರೆದ ಕೂಡ್ಲೆ ಮೊದ್ಲು ನಿಮ್ಮದೇ ದರ್ಶನ. ಆಮೇಲೆ ನೀವು ಸ್ವಲ್ಪ ಸರಿದು ಹುಡುಗ್ರಿಗೆ ಜಾಗ ಕೊಡ್ರಿ.”

ಅಧ್ಯಕ್ಷರು ಇನ್ನೊಮ್ಮೆ ಪರದೆಯ ಮೇಲಿನ ಫೋಟೋ ಸಾಲು ನೋಡಿದರು. ಆಮೇಲೆ ಮೇಜು ಕುಟ್ಟಿ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. “ಆಯ್ತು, ಇಳೀತೀನಿ. ಆದ್ರೆ ಕುದುರೆಯೋರ್ನೂ ಇಳಿಸ್ರಿ” ಎಂದು ಮೆಮೋ ತಗೊಂಡು ಎರಡಾಗಿ ಹರಿದರು.

ಆ ಮಧ್ಯಾಹ್ನ ಸೂಪರಿಂಟೆಂಡೆಂಟರ ಮೇಜಿನಲ್ಲೇ ಕುಳಿತು ಸರಿ ಮಾಡಿದೆ. ಮೇಷ್ಟ್ರು ಪಕ್ಕದಲ್ಲಿ ತಮ್ಮ ಪುಟಾಣಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಮಾಡಿದ್ದನ್ನೆಲ್ಲ ಅಲ್ಲೇ ನೋಡುತ್ತಿದ್ದರು. ಫೋಟೋಗಳ ಮೊಳೆ ಕಿತ್ತೆ, ಪುಟದ ಜೊತೆ ಸರಿದು ಹೋಗಲಿ ಎಂದು ಬಿಟ್ಟೆ. ಎಡಪಟ್ಟಿಗೆ ಒಂದು ಲೆಕ್ಕ ಬರೆದೆ, ಪರದೆಯ ಎತ್ತರ ಪಟ್ಟಿಗಿಂತ ಹೆಚ್ಚಿದ್ದರೆ ಮಾತ್ರ ಅದು ನಿಲ್ಲಬೇಕು, ಕಡಿಮೆಯಿದ್ದರೆ ಪುಟದ ಜೊತೆ ನಡೆಯಬೇಕು. ಸೇವ್ ಬಟನ್ನಿಗೆ ಒಂದು ಬೆರಳಗಲದ ಬೇರೆ ಪಟ್ಟಿ ಮಾಡಿ ಫೋಟೋಗಳ ಕೆಳಗೆ, ಹುಡುಗರ ಮೇಲೆ ಇಟ್ಟೆ. ಅದು ಪುಟದ ಜೊತೆಗೇ ಮೇಲೇರುತ್ತಾ ಬಂದು ಪರದೆಯ ನೆತ್ತಿ ಮುಟ್ಟಿದ ಕೂಡಲೇ ಅಲ್ಲಿ ಅಂಟಿಕೊಳ್ಳಬೇಕು, ವಾಪಸ್ ಬಂದರೆ ಬಿಟ್ಟುಕೊಂಡು ತನ್ನ ಜಾಗಕ್ಕೆ ಹೋಗಬೇಕು. ಈಗ ಇದಕ್ಕೆ ಒಂದೇ ಪದದ ಆಜ್ಞೆ ಇದೆ. ಆಗ ಇರಲಿಲ್ಲ. ಗಾಲಿ ತಿರುಗಿದಾಗಲೆಲ್ಲ ಪುಟ ಎಷ್ಟು ಸರಿದಿದೆ ಎಂದು ಅಳೆದು, ಕಟ್ಟು, ಬಿಚ್ಚು ಎಂದು ನಾವೇ ಹೇಳಬೇಕಿತ್ತು.

ಬರೆದು ಮುಗಿಸಿ, “ನೋಡ್ರಿ ಸಾರ್” ಅಂದೆ ಜಂಬದಿಂದ.

ಮೇಷ್ಟ್ರು ಸರಿಸಿದರು. ಬಟನ್ನಿನ ಪಟ್ಟಿ ನೆತ್ತಿಗೆ ಹೋಗಿ ಅಂಟಿತು. ಅದೇ ಕ್ಷಣಕ್ಕೆ ಹುಡುಗರೆಲ್ಲ ಒಂದು ಸಲ ಮೇಲಕ್ಕೆ ಜಿಗಿದರು.

“ಲೇ, ಮತ್ತೆ ರೋಲ್ ನಂಬರ್ ಒಂದು ಹೋದ!” ಅಂದರು ಮೇಷ್ಟ್ರು.

ನನಗೆ ಅಳುವುದೊಂದು ಬಾಕಿ. ಪಟ್ಟಿ ಎದ್ದು ನೆತ್ತಿಗೆ ಹೋದಾಗ ಅದು ಮೊದಲಿದ್ದ ಜಾಗ ಖಾಲಿಯಾಗುತ್ತದೆ, ಕೆಳಗಿನವರೆಲ್ಲ ಅಷ್ಟೇ ಎತ್ತರ ಮೇಲಕ್ಕೆ ಬಂದು ಅದನ್ನು ತುಂಬುತ್ತಾರೆ, ಮೊದಲನೆಯವನು ಪಟ್ಟಿಯ ಅಡಿಗೆ ನುಗ್ಗುತ್ತಾನೆ. ವಿವರಿಸಿದೆ. ಮೇಷ್ಟ್ರು ಕೇಳಿಸಿಕೊಂಡು, “ಬಸ್ಸಿನಾಗಿಂದ ಟೀ ಕುಡಿಯಾಕೆ ಇಳಿಯೋವಾಗ ಸೀಟಿನ ಮೇಲೆ ಟವಲ್ ಹಾಕಲ್ವೇನೋ?” ಅಂದರು.

ಅಷ್ಟೇ. ಪಟ್ಟಿ ಎದ್ದಾಗ ಅದರ ಜಾಗದಲ್ಲಿ ಅಷ್ಟೇ ಎತ್ತರದ ಒಂದು ಖಾಲಿ ಡಬ್ಬ ಇಟ್ಟೆ. ಪಟ್ಟಿ ಎದ್ದರೂ ಜಾಗ ಉಳಿಯಿತು, ಹುಡುಗರು ಜಿಗಿಯಲಿಲ್ಲ. ಇವತ್ತಿಗೂ ನಾನು ಆ ಡಬ್ಬಕ್ಕೆ ಟವಲ್ ಎಂದೇ ಹೆಸರು ಕೊಡುತ್ತೇನೆ. ನನ್ನ ಕೈಕೆಳಗೆ ಕಲಿತವರಿಗೆಲ್ಲ ಅದು ಯಾಕೆಂದು ಗೊತ್ತಿಲ್ಲ.

ಮೇಷ್ಟ್ರು ಎಪ್ಪತ್ತೆರಡು ಜನರ ಅಂಕವನ್ನು ನಾಲ್ಕನೇ ಸಲ ತುಂಬಿದರು, ಒಂದೊಂದಾಗಿ, ಒಂದೇ ಬೆರಳಿನಲ್ಲಿ. ನಾನು ಮಾಡಿಕೊಡುತ್ತೇನೆ ಅಂದರೂ ಬಿಡಲಿಲ್ಲ. ಹಸಿರು ಬಟನ್ ಒತ್ತಿದರು. ‘ಉಳಿಸಲಾಗಿದೆ’ ಎಂದು ಬಂತು. “ಹೋಗಾಣ ನಡಿ, ಬಸ್ಸು ತಪ್ಪುತ್ತೆ” ಎಂದು ಚೀಲ ಹೆಗಲಿಗೆ ಹಾಕಿದರು. ಬಸ್‌ಸ್ಟ್ಯಾಂಡಿನವರೆಗೂ ನಾನು ಆ ಮೂರು ಟಕ್‌ಗಳ ವಿಷಯ ಹೇಳಿಬಿಡೋಣ ಅಂದುಕೊಳ್ಳುತ್ತಲೇ ಇದ್ದೆ. ಅವರು ದಾರಿಯುದ್ದಕ್ಕೂ ಮೆಣಸಿನಕಾಯಿ ಬಜ್ಜಿಗೆ ಹಿರಿಯೂರಿನದು ಒಳ್ಳೆಯದೋ ಚಿತ್ರದುರ್ಗದ್ದೋ ಎಂದು ವಾದ ಮಾಡಿದರು. ಹೊಸದುರ್ಗದ ಬಸ್ಸು ಬಂತು, ಹತ್ತಿ ಹೋದರು. ನಾನು ಹೇಳಲಿಲ್ಲ. ಯಾರೂ ನೋಡಿಲ್ಲ, ಇನ್ನು ಯಾಕೆ ಕೆದಕುವುದು ಎಂದು ಸುಮ್ಮನಾದೆ.

ಮೂರು ತಿಂಗಳಾದ ಮೇಲೆ ಅವರ ಬೀಳ್ಕೊಡುಗೆ. ಅಧ್ಯಕ್ಷರೇ ಬಂದು ಶಾಲು ಹೊದಿಸಿ, ಒಂದು ಕಪ್ಪು ಚುಕ್ಕೆಯಿಲ್ಲದ ಸರ್ವಿಸ್ ಎಂದು ಹೊಗಳಿದರು. ಮೇಷ್ಟ್ರು ಹಾರ ತೆಗೆದಿಟ್ಟು ಸ್ಟೇಜಿನಿಂದ ಇಳಿದು, ಸೀದಾ ಕೊನೆಯ ಸಾಲಿಗೆ, ನಾನಿದ್ದಲ್ಲಿಗೆ ಬಂದು ಪಕ್ಕದಲ್ಲಿ ಕುಳಿತರು. ಬಟ್ಟೆ ಚೀಲ ನನ್ನ ತೊಡೆಯ ಮೇಲೆ ಇಟ್ಟರು.

“ಇನ್ನು ನನಗೆ ಇದ್ರಾಗೆ ಕೆಲಸ ಇಲ್ಲಪ್ಪ, ನೀನು ಇಟ್ಕ. ನಿನ್ನ ದೊಡ್ಡ ಪರದೆ ಮೇಲೆ ಎಲ್ಲಾ ಚಂದಾನೇ ಕಾಣ್ತೈತೆ. ಏನು ಮಾಡಿದ್ರೂ ಮೊದ್ಲು ಇದ್ರಾಗೆ ನೋಡು.”

ಕಾಲಿಗೆ ಬಿದ್ದೆ. ಲ್ಯಾಪ್‌ಟಾಪನ್ನು ಅಂಗಡಿಗೆ ತಂದು, ಆ ವಾರ ಮಾಡುತ್ತಿದ್ದ ಪುಟವನ್ನು ಅದರಲ್ಲಿ ನೋಡೋಣ ಎಂದು ಮುಚ್ಚಳ ತೆಗೆದೆ. ಎಲ್ಲಾ ಕೀಗಳನ್ನೂ ಒರೆಸಿ ಚೊಕ್ಕಟ ಮಾಡಿದ್ದರು. ಒಂದು ಕೀ ಮೇಲೆ ಮಾತ್ರ ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸಿದ್ದರು.

ಅದು ಮೈನಸ್ ಕೀ. ನಾನು ಅದನ್ನು ಇವತ್ತಿಗೂ ಕಿತ್ತಿಲ್ಲ.